ನೆನಪಿನ ಪದ್ಯ: ಒಂಬತ್ತು ಸಾಲಿನಲ್ಲಿ ಪ್ರಾಣಿ ಸಾಮ್ರಾಜ್ಯ

ಕನ್ನಡ ವ್ಯಾಕರಣದ ತರಗತಿಯಲ್ಲಿ ಕೂತವರಿಗೆಲ್ಲ ‘ಯಮಾತಾರಾಜಭಾನಸಲಗಂ’ ಗೊತ್ತಿರುತ್ತದೆ. ಅದಕ್ಕೆ ತನ್ನದೇ ಆದ ಅರ್ಥ ಇಲ್ಲ. ಆದರೆ ಅದನ್ನು ಬಾಯಲ್ಲಿ ಇಟ್ಟುಕೊಂಡರೆ ಎಂಟು ಗಣಗಳೂ ಕೈಗೆ ಸಿಗುತ್ತವೆ. ಇಂಥದ್ದನ್ನೇ ನೆನಪಿನ ಸೂತ್ರ ಅನ್ನುತ್ತಾರೆ, ಇಂಗ್ಲಿಷ್‌ನವರು ನಿಮೋನಿಕ್ ಅನ್ನುತ್ತಾರೆ. ಅದು ಪ್ರಾಸ ಕಟ್ಟಿಕೊಂಡು, ಹಾಡೋ ಹಾಗೆ ಬಂದರೆ ನೆನಪಿನ ಪದ್ಯ.

ಜೀವಶಾಸ್ತ್ರದ ಪರೀಕ್ಷೆಗೆ ಮಕ್ಕಳನ್ನು ಜಾಸ್ತಿ ಕಾಡೋದು ಪ್ರಾಣಿ ಸಾಮ್ರಾಜ್ಯದ ವಂಶಗಳ ಪಟ್ಟಿ. ಪ್ಲಾಟಿಹೆಲ್ಮಿಂಥಿಸ್, ಎಕೈನೋಡರ್ಮೇಟಾ ಅಂತ ನಾಲಿಗೆ ಹೊರಳದ ಹೆಸರುಗಳು, ಅದರಲ್ಲೂ ಕ್ರಮವಾಗಿ ಬರೀಬೇಕು. ಮೊದಲಕ್ಷರಗಳನ್ನು ಸೇರಿಸಿ ಒಂದು ವಾಕ್ಯ ಮಾಡಿಕೊಳ್ಳೋದು ಎಲ್ಲರೂ ಹಿಡಿಯೋ ದಾರಿ. ನನಗೆ ಅದು ಸಾಲದು ಅನ್ನಿಸಿತು. ಏಕೆಂದರೆ ಅದರಿಂದ ಹೆಸರುಗಳ ಸಾಲು ಮಾತ್ರ ಸಿಗುತ್ತದೆ, ಪ್ರಾಣಿಯ ಗುರುತು ಸಿಗೋದಿಲ್ಲ. ಪ್ರಶ್ನೆ ಬರೋದು ಮಾತ್ರ ಹೆಚ್ಚಾಗಿ ‘ಈ ಪ್ರಾಣಿ ಯಾವ ವಂಶ, ಕಾರಣ ಕೊಡಿ’ ಅಂತ. ಹಾಗಾಗಿ ಒಂದೊಂದು ಸಾಲಲ್ಲೂ ಗುರುತು, ಪ್ರಾಣಿ, ವಂಶ ಮೂರೂ ಬರೋ ಹಾಗೆ ಮನೆಯ ಮಕ್ಕಳಿಗಾಗಿ ಈ ಪದ್ಯ ಕಟ್ಟಿದೆ:

ತೂತು ತೂತು ಮೈಯ ಸ್ಪಂಜು – ಪೊರಿಫೆರಾ
ಕೂತು ಕುಟುಕೋ ಹೈಡ್ರಾ ನೋಡು – ಸೀಲೆಂಟರೇಟಾ
ಆತುಕೊಂಡ ಚಪ್ಪಟೆ ಲಾಡಿಹುಳು – ಪ್ಲಾಟಿಹೆಲ್ಮಿಂಥಿಸ್

ದುಂಡು ದುಂಡು ನುಣುಪು ಜಂತು – ನೆಮಟೋಡಾ
ತುಂಡು ತುಂಡು ಉಂಗುರ ಎರೆಹುಳು – ಅನೆಲಿಡಾ
ಮಂಡಿ ಮಡಚೋ ಕೀಲುಗಾಲ ಏಡಿ – ಆರ್ಥ್ರೋಪೋಡಾ

ಮೆತ್ತನೆ ಮೈಯ ಬಸವನಹುಳು – ಮೊಲಸ್ಕಾ
ಸುತ್ತ ಮುಳ್ಳು ನಕ್ಷತ್ರಮೀನು – ಎಕೈನೋಡರ್ಮೇಟಾ
ಎತ್ತಿ ಹಿಡಿವ ಬೆನ್ನ ಕೋಲು – ಕಾರ್ಡೇಟಾ

ಪ್ರಾಸ ಎಲ್ಲಿದೆ ಅಂತ ಗಮನಿಸಿ. ಸಾಲಿನ ಕೊನೆಯಲ್ಲಿ ಅಲ್ಲ, ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ. ಇದು ನಮ್ಮ ಹಳೆಯ ಆದಿಪ್ರಾಸ. ಸುಮ್ನೆ ಚಂದಕ್ಕೆ ಅಂತ ಇದನ್ನು ಆರಿಸಲಿಲ್ಲ. ಬಾಯಿಪಾಠ ಒಪ್ಪಿಸುವಾಗ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಹೇಳಿ. ಸಾಲಿನ ನಡುವೆ ಅಲ್ಲ, ಒಂದು ಸಾಲು ಮುಗಿದು ಮುಂದಿನದು ಶುರುವಾಗೋ ಜಾಗದಲ್ಲಿ, ಅಲ್ವಾ? ಕೊನೆಯ ಪ್ರಾಸ ಅಲ್ಲಿಗೆ ಬರೋ ಹೊತ್ತಿಗೆ ಮಗು ಆಗಲೇ ಸಾಲನ್ನು ಹೇಳಿಬಿಟ್ಟಿರುತ್ತದೆ. ಆದಿಪ್ರಾಸವಾದರೆ ‘ತೂತು’ ಅಂದ ಕೂಡಲೇ ‘ಕೂತು’, ‘ಆತು’ ಬಾಯಿಗೆ ಬರುತ್ತವೆ, ಮುಂದಿನ ಸಾಲಿನ ಬಾಗಿಲು ತಾನಾಗಿ ತೆರೆಯುತ್ತದೆ.

ಒಂದು ಗುಂಪು ಮುಗಿದು ಇನ್ನೊಂದು ಶುರುವಾಗುವಲ್ಲಿ ಪ್ರಾಸ ಬದಲಾಗುತ್ತದೆ, ಅಲ್ಲಿ ಮತ್ತೆ ತಡವರಿಸಬಹುದು. ಅದಕ್ಕೂ ನಮ್ಮ ಛಂದಸ್ಸಿನಲ್ಲೇ ಉಪಾಯ ಇದೆ. ಕನ್ನಡದಲ್ಲಿ ಆರು ಬಗೆಯ ಪ್ರಾಸಗಳಿಗೂ ಒಂದೊಂದು ಪ್ರಾಣಿಯ ಹೆಸರಿದೆ. ಪ್ರಾಸಾಕ್ಷರದ ಹಿಂದೆ ದೀರ್ಘ ಬಂದರೆ ಗಜಪ್ರಾಸ, ಸೊನ್ನೆ ಬಂದರೆ ವೃಷಭಪ್ರಾಸ, ಅದೇ ಅಕ್ಷರದ ಒತ್ತು ಬಂದರೆ ಹಯಪ್ರಾಸ. ತೂತು, ಕೂತು, ಆತು ಆನೆ. ದುಂಡು, ತುಂಡು, ಮಂಡಿ ಎತ್ತು. ಮೆತ್ತ, ಸುತ್ತ, ಎತ್ತಿ ಕುದುರೆ. ಆನೆ, ಎತ್ತು, ಕುದುರೆ ಅಂತ ಮೂರು ಮಾತು ನೆನಪಿದ್ದರೆ ಮೂರು ಗುಂಪೂ ಕ್ರಮವಾಗಿ ಬರುತ್ತವೆ. ಪ್ರಾಣಿಗಳ ಪಾಠಕ್ಕೆ ಪ್ರಾಣಿಗಳೇ ಕಾವಲು ನಿಂತದ್ದು ನನಗಂತೂ ತುಂಬ ಖುಷಿ ಕೊಟ್ಟಿತು.

ಗುಂಪುಗಳನ್ನು ಮೂರು ಮೂರಾಗಿ ಒಡೆದದ್ದಕ್ಕೂ ಕಾರಣ ಇದೆ. ಆನೆ ಗುಂಪಿನ ಮೂರಕ್ಕೂ ದೇಹಕುಹರ ಇಲ್ಲ, ಅಂದರೆ ಮೈಗೋಡೆಗೂ ಕರುಳಿಗೂ ನಡುವೆ ಖಾಲಿ ಜಾಗ ಇಲ್ಲ. ಎತ್ತಿನ ಗುಂಪಿನ ಮೊದಲ ಸಾಲು, ದುಂಡುಹುಳು, ಅಲ್ಲಿ ಆ ಜಾಗ ಅರೆಬರೆಯಾಗಿ ಬರುತ್ತದೆ, ಅದನ್ನು ಮಿಥ್ಯ ದೇಹಕುಹರ ಅನ್ನುತ್ತಾರೆ. ಎರೆಹುಳುವಿನಿಂದ ಮುಂದಕ್ಕೆ ಎಲ್ಲದಕ್ಕೂ ನಿಜವಾದ ದೇಹಕುಹರ. ‘ದೇಹಕುಹರ ಇಲ್ಲದ ವಂಶಗಳನ್ನು ಹೆಸರಿಸಿ’ ಅಂತ ಕೇಳಿದರೆ ಆನೆ ಗುಂಪನ್ನು ಹಾಗೇ ಬರೆದರೆ ಆಯ್ತು.

ಈಗ ಪದ್ಯ ಎಲ್ಲಿ ಕೈಕೊಡುತ್ತದೆ ಅಂತ ನೋಡೋಣ, ಇದು ತುಂಬ ಮುಖ್ಯ. ಲಾಡಿಹುಳುವಿನ ಚಿತ್ರ ನೋಡಿ. ಉದ್ದ ಪಟ್ಟಿ, ತುಂಬ ಗೆರೆಗಳು, ತುಂಡು ತುಂಡು ಜೋಡಿಸಿದ ಹಾಗೇ ಕಾಣುತ್ತದೆ. ಮಗು ‘ತುಂಡು ತುಂಡು’ ಅಂತ ನೆನಪಿಸಿಕೊಂಡು ಅನೆಲಿಡಾ ಅಂತ ಬರೆದುಬಿಡುತ್ತದೆ. ತಪ್ಪು ಮಗುವಿನದಲ್ಲ, ಕಣ್ಣಿಗೆ ಹಾಗೇ ಕಾಣೋದು. ಇದಕ್ಕೇ ಮೂರನೇ ಸಾಲಿನಲ್ಲಿ ಲಾಡಿಹುಳು ಅನ್ನೋ ಹೆಸರನ್ನು ಬೇಕಂತಲೇ ಇಟ್ಟಿದ್ದೇನೆ.

ವ್ಯತ್ಯಾಸ ಒಳಗಡೆ ಇದೆ. ಎರೆಹುಳುವಿನ ಉಂಗುರಗಳ ನಡುವೆ ಒಳಗೂ ಗೋಡೆ ಇರುತ್ತದೆ, ನರದ ಗಂಟು ಉಂಗುರ ಉಂಗುರಕ್ಕೂ ಮತ್ತೆ ಬರುತ್ತದೆ, ಒಂದೇ ಕರುಳು ಬಾಯಿಂದ ಗುದದವರೆಗೆ ಎಲ್ಲ ಉಂಗುರಗಳನ್ನೂ ಹಾದು ಹೋಗುತ್ತದೆ. ಲಾಡಿಹುಳುವಿಗೆ ಕರುಳೇ ಇಲ್ಲ. ಅದು ಇನ್ನೊಂದು ಪ್ರಾಣಿಯ ಕರುಳಿನಲ್ಲಿ ಆತುಕೊಂಡು, ಅರಗಿದ ಆಹಾರವನ್ನು ಮೈಚರ್ಮದಿಂದಲೇ ಹೀರುತ್ತದೆ. ಅದರ ತುಂಡುಗಳು ಮೊಟ್ಟೆ ತುಂಬಿಕೊಳ್ಳೋ ಚೀಲಗಳ ಸಾಲು ಅಂದರೂ ನಡೆಯುತ್ತದೆ. ಹೊಸ ತುಂಡು ತಲೆಯ ಹಿಂದೆಯೇ ಹುಟ್ಟುತ್ತದೆ, ಹಳೆಯದು ಹಿಂದಕ್ಕೆ ಸರಿಯುತ್ತಾ ಹೋಗಿ ಕೊನೆಗೆ ಕಳಚಿ ಬೀಳುತ್ತದೆ. ಎರೆಹುಳುವಿನ ವಂಶದಲ್ಲಿ ಇದು ಉಲ್ಟಾ, ಹೊಸ ಉಂಗುರ ಸೇರೋದು ಬಾಲದ ಕಡೆ. ಉತ್ತರ ಪತ್ರಿಕೆಯಲ್ಲಿ ಇಷ್ಟೆಲ್ಲ ಬೇಡ. ‘ಚಪ್ಪಟೆ ದೇಹ, ದೇಹಕುಹರ ಇಲ್ಲ, ನಿಜವಾದ ಖಂಡಗಳಿಲ್ಲ’ ಅಂತ ಬರೆದರೆ ಸಾಕು.

ಇದಕ್ಕೆ ಎದುರು ಜಿಗಣೆ. ಅದೂ ಆತುಕೊಳ್ಳುತ್ತದೆ, ಸ್ವಲ್ಪ ಚಪ್ಪಟೆಯೂ ಹೌದು. ಹಾಗಂತ ಮೂರನೇ ಸಾಲಿಗೆ ಹಾಕಿದರೆ ತಪ್ಪು, ಅದು ಅನೆಲಿಡಾ. ಆತುಕೊಳ್ಳೋದು ಬದುಕೋ ರೀತಿ, ವಂಶದ ಗುರುತಲ್ಲ. ಎರಡನೇ ಸಾಲಿನ ‘ಕೂತು’ ಕೂಡ ಹಾಗೇ. ಹೈಡ್ರಾ, ಹವಳ ಕೂತಿರುತ್ತವೆ ನಿಜ, ಜೆಲ್ಲಿಮೀನು ಮಾತ್ರ ತೇಲಾಡುತ್ತದೆ, ಆದರೂ ಅದೇ ವಂಶ. ಅಲ್ಲಿ ಗಟ್ಟಿ ಗುರುತು ‘ಕುಟುಕೋ’, ಅಂದರೆ ಕುಟುಕುವ ಕಣಗಳು. ಹಾಗಾಗಿ ಪದ್ಯ ಕಲಿಸುವಾಗ ಗಟ್ಟಿ ಗುರುತುಗಳಿಗೆ ಗೆರೆ ಎಳೆಸಿ: ತೂತು, ಕುಟುಕು, ಚಪ್ಪಟೆ, ದುಂಡು, ಉಂಗುರ, ಕೀಲುಗಾಲು, ಮೆತ್ತನೆ, ಮುಳ್ಳು, ಬೆನ್ನ ಕೋಲು. ಉಳಿದದ್ದು ಲಯಕ್ಕೆ ಬಂದದ್ದು. (ಕೆಲವು ಪುಸ್ತಕಗಳಲ್ಲಿ ಸೀಲೆಂಟರೇಟಾ ಬದಲು ನಿಡೇರಿಯಾ ಅಂತ ಇರುತ್ತದೆ, ಪುಸ್ತಕದಲ್ಲಿ ಇರೋದನ್ನೇ ಪದ್ಯಕ್ಕೂ ಹಾಕಿಕೊಳ್ಳಿ.)

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ. ‘ಚಿಟ್ಟೆಯ ಕಂಬಳಿಹುಳು ಯಾವ ವಂಶ?’ ಹೆಸರಲ್ಲೇ ಹುಳು ಇದೆ, ಮೈ ಮೃದು, ಮೈತುಂಬ ಉಂಗುರ. ಅನೆಲಿಡಾ ಅನ್ನಿಸುತ್ತದೆ. ಅಲ್ಲಿ ನಿಲ್ಲದೆ ಮುಂದಿನ ಸಾಲನ್ನೂ ಕೇಳಿ: ಮಂಡಿ ಮಡಚೋ ಕೀಲುಗಾಲು ಇದೆಯಾ? ತಲೆಯ ಹಿಂದೆಯೇ ಮೂರು ಜೊತೆ ಪುಟ್ಟ ಕಾಲುಗಳಿವೆ, ಅವಕ್ಕೆ ಕೀಲು ಇದೆ. ಹಿಂದೆ ಕಾಣೋ ದಪ್ಪ ಮೊಂಡು ಕಾಲುಗಳಿಗೆ ಕೀಲಿಲ್ಲ, ಅವು ಕೊಂಬೆ ಹಿಡಿಯೋಕೆ ಇರುವ ಮಾಂಸದ ಉಬ್ಬುಗಳು. ಕೀಲುಗಾಲು ಸಿಕ್ಕಿತು ಅಂದಮೇಲೆ ಆರ್ಥ್ರೋಪೋಡಾ. ಉಂಗುರವೂ ಕೀಲುಗಾಲೂ ಎರಡೂ ಕಂಡರೆ ಕಾಲಿನ ಮಾತೇ ನಡೆಯುತ್ತದೆ, ಶತಪದಿಗೂ ಇದೇ ಲೆಕ್ಕ.

ಕೊನೆಯ ಸಾಲಿನ ‘ಬೆನ್ನ ಕೋಲು’ ಅಂದರೆ ಬೆನ್ನುಮೂಳೆ ಅಲ್ಲ, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಅದು ನೋಟೋಕಾರ್ಡ್, ಬೆನ್ನಿನ ಉದ್ದಕ್ಕೂ ಬಾಗುವ ಒಂದು ಸರಳಿನ ಹಾಗೆ ಇರುತ್ತದೆ. ಕಾರ್ಡೇಟಾ ವಂಶದ ಎಲ್ಲ ಪ್ರಾಣಿಗಳಿಗೂ ಬದುಕಿನ ಯಾವುದೋ ಹಂತದಲ್ಲಿ ಇದು ಇದ್ದೇ ಇರುತ್ತದೆ. ನಮಗೆ ಭ್ರೂಣದಲ್ಲಿ ಇದ್ದು, ಆಮೇಲೆ ಆ ಜಾಗಕ್ಕೆ ಬೆನ್ನುಮೂಳೆ ಬರುತ್ತದೆ. ಆಂಫಿಯಾಕ್ಸಸ್ ಅನ್ನೋ ಮೀನಿನಂಥ ಪುಟ್ಟ ಕಡಲ ಪ್ರಾಣಿಗೆ ಇದು ಬದುಕಿನುದ್ದಕ್ಕೂ ಉಳಿಯುತ್ತದೆ, ಬೆನ್ನುಮೂಳೆ ಬರೋದೇ ಇಲ್ಲ. ನಕ್ಷತ್ರಮೀನಿಗೆ ಹೆಸರಲ್ಲಿ ಮೀನು ಇದ್ದರೂ ಈ ಕೋಲು ಯಾವತ್ತೂ ಇರೋದಿಲ್ಲ, ಅದಕ್ಕೇ ಅದು ಒಂದು ಸಾಲು ಮೇಲೆ ನಿಂತಿದೆ.

ಸಾಲುಗಳ ಕ್ರಮವನ್ನು ನೆಂಟಸ್ತಿಕೆ ಅಂತಲೂ ತಿಳಿಯಬಾರದು. ಉಂಗುರ ನೋಡಿ ಎರೆಹುಳುವೂ ಕೀಟಗಳೂ ಹತ್ತಿರದ ನೆಂಟರು ಅಂತ ತುಂಬ ಕಾಲ ನಂಬಿದ್ದರು. 1997ರಲ್ಲಿ ವಂಶವಾಹಿಗಳನ್ನು ಹೋಲಿಸಿದ ಒಂದು ಅಧ್ಯಯನ ಬೇರೆಯೇ ಹೇಳಿತು: ಕೀಟಗಳಿಗೆ ದುಂಡುಹುಳುಗಳೇ ಹತ್ತಿರ, ಎರಡೂ ಬೆಳೆಯುವಾಗ ಪೊರೆ ಕಳಚುತ್ತವೆ. ಪದ್ಯದ ಕ್ರಮ ಪಠ್ಯಪುಸ್ತಕದ ಕ್ರಮ, ಅಷ್ಟೇ.

ಇನ್ನು ವಂಶಗಳು ಒಂಬತ್ತೇ ಅಲ್ಲ, ಮೂವತ್ತಕ್ಕೂ ಹೆಚ್ಚು ಇವೆ. ನಿಮ್ಮ ಪುಸ್ತಕದಲ್ಲಿ ಹನ್ನೊಂದು ಇದ್ದರೆ ಎರಡು ಸಾಲು ಸೇರಿಸಿಕೊಳ್ಳಿ, ಪ್ರಾಸ ಕೆಡೋದಿಲ್ಲ. ಹೈಡ್ರಾ ಸಾಲಿನ ಕೆಳಗೆ ‘ಜೋತು ಹೊಳೆವ ಎಂಟು ಬಾಚಣಿಗೆ – ಟೀನೋಫೋರಾ’, ಏಕೆಂದರೆ ಅವುಗಳ ಮೈಮೇಲೆ ಬಾಚಣಿಗೆ ಹಲ್ಲಿನಂಥ ಎಂಟು ಸಾಲುಗಳಿರುತ್ತವೆ. ನಕ್ಷತ್ರಮೀನಿನ ಕೆಳಗೆ ‘ಅತ್ತಲೂ ಇಲ್ಲ ಇತ್ತಲೂ ಇಲ್ಲ – ಹೆಮಿಕಾರ್ಡೇಟಾ’. ಇವನ್ನು ಮೊದಲು ಕಾರ್ಡೇಟಾದ ಒಳಗೇ ಸೇರಿಸಿದ್ದರು, ಆಮೇಲೆ ಅವುಗಳಲ್ಲಿ ನಿಜವಾದ ನೋಟೋಕಾರ್ಡ್ ಇಲ್ಲ ಅಂತ ತಿಳಿದು ಬೇರೆ ವಂಶ ಮಾಡಿದರು.