ಬ್ಲಡ್ ಕಲ್ಚರ್: ಒಂದೇ ಬಾಟಲಿ ಏಕೆ ಸಾಲದು?

ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಏನೋ ಬೆಳೆದಿದೆ ಎಂದು ಯಂತ್ರ ಸೂಚನೆ ಕೊಟ್ಟ ಕೂಡಲೇ ಲ್ಯಾಬಿನಲ್ಲಿ ನಾವು ಮಾಡುವ ಮೊದಲ ಕೆಲಸ ಗ್ರಾಂ ಸ್ಟೇನ್. ಎರಡನೆಯದು ವಾರ್ಡಿಗೆ ಫೋನ್. "ಬೆಡ್ 7ರ ಬಾಟಲಿಯಲ್ಲಿ ಗ್ರಾಂ ಪಾಸಿಟಿವ್ ಕಾಕೈ, ಗೊಂಚಲು ಗೊಂಚಲಾಗಿ ಕಾಣ್ತಿವೆ. ರಕ್ತ ಎಲ್ಲಿಂದ ತೆಗೆದಿದ್ದು ಸಿಸ್ಟರ್? ಎಷ್ಟು ಬಾಟಲಿ ಕಳಿಸಿದ್ರಿ?" ಎಂದು ಕೇಳುತ್ತೇವೆ. ಆ ಕಡೆಯಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಒಂದೇ ಬಾಟಲಿ ಮೇಡಂ, ನೈಟ್ ಡ್ಯೂಟಿಯವರು ತೆಗೆದಿದ್ದು. ಎಲ್ಲಿಂದ ತೆಗೆದ್ರೋ ಗೊತ್ತಿಲ್ಲ."

ನಾವು ಈ ಪ್ರಶ್ನೆ ಕೇಳುವುದು ತಪ್ಪು ಹುಡುಕಲು ಎಂದು ಅನೇಕ ಸಿಸ್ಟರ್‌ಗಳು ತಿಳಿದಿದ್ದಾರೆ. ಹಾಗಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಏನು ಅರ್ಥ ಎಂಬುದನ್ನು ನಿಮ್ಮ ಉತ್ತರವಿಲ್ಲದೆ ನಾವು ಹೇಳಲಾರೆವು.

ಗ್ರಾಂ ನೆಗೆಟಿವ್ ಎಂದರೆ ರೋಗಾಣು ಇಲ್ಲ ಎಂದಲ್ಲ, ಇದು ನಿಮಗೆ ಗೊತ್ತೇ ಇದೆ. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿದ್ದಾಗ ಪ್ರಕಟಿಸಿದ ಬಣ್ಣದ ವಿಧಾನ ಅದು. ಕ್ರಿಸ್ಟಲ್ ವಯೊಲೆಟ್, ಅಯೋಡಿನ್ ಹಾಕಿ ಆಲ್ಕೋಹಾಲಿನಲ್ಲಿ ತೊಳೆದಾಗ ದಪ್ಪ ಗೋಡೆಯವು ನೇರಳೆಯಾಗಿಯೇ ಉಳಿಯುತ್ತವೆ. ತೆಳು ಗೋಡೆಯವು ಬಣ್ಣ ಬಿಟ್ಟು, ಆಮೇಲೆ ಹಾಕುವ ಸಾಫ್ರನಿನ್ನಿನಿಂದ ಗುಲಾಬಿಯಾಗುತ್ತವೆ. ಈ ತೆಳು ಗೋಡೆಯವಕ್ಕೆ ಹೊರಗೆ ಇನ್ನೊಂದು ಪೊರೆ ಇದೆ. ವ್ಯಾಂಕೋಮೈಸಿನ್‌ನಂಥ ದೊಡ್ಡ ಅಣು ಆ ಪೊರೆಯನ್ನು ದಾಟಲಾರದು, ಆದ್ದರಿಂದ ಗ್ರಾಂ ನೆಗೆಟಿವ್‌ಗೆ ಅದು ನಾಟುವುದಿಲ್ಲ. ಫೋನಿನಲ್ಲಿ ಹೇಳುವ ಒಂದು ಸಾಲಿಗೆ ಡಾಕ್ಟರು ಔಷಧ ಬದಲಿಸುವುದು ಇದೇ ಕಾರಣಕ್ಕೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ನಮ್ಮ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಗ್ರಾಂ ಪಾಸಿಟಿವ್: ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಮತ್ತು ಅದರ ಬಳಗ, ಕೊರಿನೆಬ್ಯಾಕ್ಟೀರಿಯಂ, ಇಂಥವು. ಹಾಗಾಗಿ ರಕ್ತದಲ್ಲಿ ಗ್ರಾಂ ನೆಗೆಟಿವ್ ಬೆಳೆದರೆ ಅದನ್ನು ನಿಜವಾದ ಸೋಂಕು ಎಂದೇ ಹಿಡಿಯುತ್ತೇವೆ, ಒಂದೇ ಬಾಟಲಿಯಲ್ಲಿ ಬಂದರೂ ಸರಿ. ಗೊಂಚಲಾಗಿರುವ ಗ್ರಾಂ ಪಾಸಿಟಿವ್ ಕಾಕೈ ಕಂಡರೆ ಮಾತ್ರ ಎರಡು ದಾರಿ. ಅದು ಸ್ಟೆಫಿಲೊಕಾಕಸ್ ಆರಿಯಸ್ ಆಗಿದ್ದರೆ ಒಂದೇ ಬಾಟಲಿಯಲ್ಲಿದ್ದರೂ ಅಪಾಯವೇ, ಕಡೆಗಣಿಸುವಂತಿಲ್ಲ. ಚರ್ಮದ ವಾಸಿಯಾದ ಕೋಯಾಗ್ಯುಲೇಸ್ ನೆಗೆಟಿವ್ ಸ್ಟೆಫಿಲೊಕಾಕಸ್, ಲ್ಯಾಬಿನವರು 'ಕಾನ್ಸ್' ಎನ್ನುವುದು, ಆಗಿದ್ದರೆ ಸೂಜಿಯ ಜೊತೆ ಚರ್ಮದಿಂದ ಬಂದಿರಬಹುದು, ಸೆಂಟ್ರಲ್ ಲೈನಿನ ತುದಿಯಲ್ಲಿ ನೆಲೆಸಿದ್ದಿರಬಹುದು, ನಿಜವಾಗಿಯೂ ರಕ್ತದಲ್ಲಿಯೇ ಇರಬಹುದು. ಗಾಜಿನ ಸ್ಲೈಡಿನ ಮೇಲೆ ಈ ಮೂರಕ್ಕೂ ಒಂದೇ ರೂಪ.

ಬೆಡ್ 7ರ ರೋಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 58 ವರ್ಷ, ಸಕ್ಕರೆ ಕಾಯಿಲೆ, ಕುತ್ತಿಗೆಯಲ್ಲಿ ಆರು ದಿನದಿಂದ ಸೆಂಟ್ರಲ್ ಲೈನ್. ರಾತ್ರಿ ಎರಡು ಗಂಟೆಗೆ 102 ಡಿಗ್ರಿ ಜ್ವರ, ಚಳಿ. ಡ್ಯೂಟಿ ಡಾಕ್ಟರ್ ಕಲ್ಚರ್ ಬರೆದರು. ಕೈಯಲ್ಲಿ ನರ ಸಿಗಲಿಲ್ಲವೆಂದು ಲೈನಿನಿಂದಲೇ 3 ಮಿಲಿ ತೆಗೆದು ಒಂದು ಬಾಟಲಿಗೆ ಹಾಕಲಾಯಿತು. 38 ಗಂಟೆ ಕಳೆದ ಮೇಲೆ ಬಾಟಲಿ ಸೂಚನೆ ಕೊಟ್ಟಿತು, ಮರುದಿನ 'ಕಾನ್ಸ್' ಎಂದು ವರದಿಯಾಯಿತು. ಈಗ ಡಾಕ್ಟರ ಮುಂದೆ ಏನಿದೆ? ಲೈನ್ ತೆಗೆಯಬೇಕೋ ಬೇಡವೋ, ವ್ಯಾಂಕೋಮೈಸಿನ್ ನಿಲ್ಲಿಸಬೇಕೋ ಮುಂದುವರಿಸಬೇಕೋ, ಯಾವುದಕ್ಕೂ ಆಧಾರವಿಲ್ಲ. ಧೈರ್ಯ ಸಾಲದೆ ಔಷಧ ಮುಂದುವರಿಯುತ್ತದೆ. ಮೊದಲೇ ದುರ್ಬಲವಾದ ಕಿಡ್ನಿಯ ಕ್ರಿಯಾಟಿನಿನ್ ಏರತೊಡಗುತ್ತದೆ. ಜ್ವರಕ್ಕೆ ನಿಜವಾದ ಕಾರಣ ಮೂತ್ರದ ಸೋಂಕಾಗಿದ್ದರೆ, ಅದಕ್ಕೆ ಬೇಕಾದ ಔಷಧ ಇನ್ನೂ ಶುರುವಾಗಿರುವುದೇ ಇಲ್ಲ.

ಅದೇ ರಾತ್ರಿ ಏರೋಬಿಕ್, ಅನೇರೋಬಿಕ್ ಎಂಬ ಎರಡು ಬಾಟಲಿಯ ಒಂದು ಸೆಟ್ ಲೈನಿನಿಂದ, ಇನ್ನೊಂದು ಸೆಟ್ ಕೈಯ ನರದಿಂದ ತೆಗೆದಿದ್ದರೆ? ಲೈನಿನದರಲ್ಲಿ ಮಾತ್ರ ಕಾನ್ಸ್ ಬೆಳೆದು, ಕೈಯದು ಐದು ದಿನವಾದರೂ ಬೆಳೆಯದೇ ಹೋದರೆ, ರಕ್ತ ಬಹುಶಃ ಶುದ್ಧವಾಗಿದೆ, ಬ್ಯಾಕ್ಟೀರಿಯಾ ಲೈನಿನ ಹಬ್‌ನಲ್ಲಿದೆ ಎನ್ನಬಹುದು. ಎರಡರಲ್ಲೂ ಒಂದೇ ಬ್ಯಾಕ್ಟೀರಿಯಾ ಬೆಳೆದು, ಲೈನಿನ ಬಾಟಲಿ ಕೈಯದಕ್ಕಿಂತ ಎರಡು ಗಂಟೆ ಅಥವಾ ಅದಕ್ಕೂ ಮೊದಲು ಸೂಚನೆ ಕೊಟ್ಟರೆ ಸೋಂಕಿನ ಮೂಲ ಲೈನೇ ಎನ್ನುವುದಕ್ಕೆ ಅದು ಗಟ್ಟಿ ಸುಳಿವು. ಈ ಎರಡು ಗಂಟೆಯ ಲೆಕ್ಕ ನಿಲ್ಲಬೇಕಾದರೆ ಎರಡನ್ನೂ ಒಂದೇ ಸಮಯಕ್ಕೆ ತೆಗೆದಿರಬೇಕು, ಎರಡಕ್ಕೂ ಸಮ ಪ್ರಮಾಣದ ರಕ್ತ ಹಾಕಿರಬೇಕು, ಎರಡೂ ಒಟ್ಟಿಗೆ ಲ್ಯಾಬಿಗೆ ಬಂದಿರಬೇಕು. ಬಾಟಲಿಯ ಮೇಲೆ 'ಲೈನ್', 'ಬಲಗೈ' ಎಂದು ಬರೆದಿರಲೇಬೇಕು. ಬರೆಯದಿದ್ದರೆ ಎರಡು ಸೆಟ್ ತೆಗೆದ ಶ್ರಮವೂ ವ್ಯರ್ಥ. ಆದರೆ ಬಾರ್‌ಕೋಡ್ ಮೇಲೆ ಬರೆಯಬೇಡಿ, ಲೇಬಲ್ಲನ್ನೂ ಅದರ ಮೇಲೆ ಅಂಟಿಸಬೇಡಿ. ಯಂತ್ರಕ್ಕೆ ಅದನ್ನು ಓದಲಾಗುವುದಿಲ್ಲ.

ಒಂದೇ ಕಡೆ ಚುಚ್ಚಿ ಎರಡು ಸೆಟ್ ಮಾಡಿ ಕಳಿಸುವವರೂ ಇದ್ದಾರೆ. ಚರ್ಮದಿಂದ ಕಲ್ಮಷ ಬಂದಿದ್ದರೆ ಅದು ನಾಲ್ಕೂ ಬಾಟಲಿಗೆ ಹೋಗಿರುತ್ತದೆ, ನಾವು ಅದನ್ನು ನಿಜವಾದ ಸೋಂಕು ಎಂದು ನಂಬಿಬಿಡುತ್ತೇವೆ. ಅದು ಒಂದು ಬಾಟಲಿ ಕಳಿಸುವುದಕ್ಕಿಂತ ಕೆಟ್ಟದ್ದು. ಎರಡು ಸೆಟ್ ಎಂದರೆ ಎರಡು ಜಾಗ, ಎರಡು ಸಲ ಚರ್ಮದ ಸಿದ್ಧತೆ. ಲೈನ್ ಇಲ್ಲದ ರೋಗಿಗೆ ಎರಡೂ ಕೈಗಳಿಂದ ತೆಗೆಯಿರಿ. ಮೊದಲೇ ಹಾಕಿರುವ ಐವಿ ಕ್ಯಾನುಲಾದಿಂದ ಕಲ್ಚರಿಗೆ ರಕ್ತ ಎಳೆಯಬೇಡಿ.

ಚರ್ಮದ ಸಿದ್ಧತೆಯಲ್ಲಿ ಹೆಚ್ಚಾಗಿ ಕೆಡುವುದು ಒಂದು ಕಡೆ: ಒಣಗಲು ಬಿಡದಿರುವುದು. ಮೊದಲು ಸ್ಪಿರಿಟ್ಟಿನಿಂದ ಒರೆಸಿ, ನಂತರ ಶೇ 70 ಆಲ್ಕೋಹಾಲಿನಲ್ಲಿರುವ ಶೇ 2 ಕ್ಲೋರ್‌ಹೆಕ್ಸಿಡಿನ್ನಿನಿಂದ 30 ಸೆಕೆಂಡು ತಿಕ್ಕಿ. ಆಮೇಲೆ 30 ಸೆಕೆಂಡು ಸುಮ್ಮನೆ ಬಿಡಿ. ಊದಬಾರದು, ಹತ್ತಿಯಿಂದ ಒತ್ತಿ ಒಣಗಿಸಬಾರದು. ಬೀಟಾಡಿನ್ ಬಳಸಿದರೆ ಒಂದೂವರೆಯಿಂದ ಎರಡು ನಿಮಿಷ ಬೇಕು. ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಚರ್ಮದ ಮೇಲೆ ನಿಂತು ಒಣಗುವ ಈ ಹೊತ್ತಿನಲ್ಲೇ. ಒಣಗಿದ ಮೇಲೆ ನರ ಮತ್ತೊಮ್ಮೆ ಬೆರಳಿನಿಂದ ಮುಟ್ಟಿ ನೋಡಿದರೆ ಅಷ್ಟೂ ಕೆಲಸ ಹಾಳು. ನಿಮ್ಮ ಗ್ಲೌಸ್ ಸ್ಟೆರೈಲ್ ಅಲ್ಲ. ಆದ್ದರಿಂದ ಮೊದಲೇ ಟರ್ನಿಕೆಟ್ ಕಟ್ಟಿ ನರ ಗುರುತಿಸಿಕೊಂಡು, ಸಡಿಲಿಸಿ, ಆಮೇಲೆ ಸ್ವಚ್ಛ ಮಾಡಿ. ಎರಡು ತಿಂಗಳೊಳಗಿನ ಕೂಸುಗಳಿಗೆ ಕ್ಲೋರ್‌ಹೆಕ್ಸಿಡಿನ್ ವಿಷಯದಲ್ಲಿ ನಿಮ್ಮ ಘಟಕದ ನಿಯಮವನ್ನೇ ಪಾಲಿಸಿ.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕೆಳಗಿರುವ ರಬ್ಬರ್ ಸ್ಟೆರೈಲ್ ಎಂಬ ನಂಬಿಕೆ ಬಹಳ ಜನಕ್ಕಿದೆ. ಅದು ತಪ್ಪು. ಅದನ್ನೂ ಸ್ಪಿರಿಟ್ ಸ್ವ್ಯಾಬಿನಿಂದ ಒರೆಸಿ ಒಣಗಿಸಿ. ಅಲ್ಲಿ ಬೀಟಾಡಿನ್ ಬೇಡ, ರಬ್ಬರ್ ಹಾಳಾಗುತ್ತದೆ. ರಕ್ತ ತೆಗೆದ ಮೇಲೆ ಬಾಟಲಿಗೆ ಹಾಕುವ ಮುನ್ನ ಸೂಜಿ ಬದಲಿಸುವ ಅಗತ್ಯವಿಲ್ಲ. ಬದಲಿಸಲು ಹೋಗಿ ಕೈಗೆ ಚುಚ್ಚಿಕೊಳ್ಳುವ ಅಪಾಯವೇ ಹೆಚ್ಚು. ಬೇರೆ ಪರೀಕ್ಷೆಗಳಿಗೂ ರಕ್ತ ಬೇಕಿದ್ದರೆ ಕಲ್ಚರ್ ಬಾಟಲಿಗೆ ಮೊದಲು, ಇಡಿಟಿಎ ಮುಂತಾದ ಟ್ಯೂಬುಗಳಿಗೆ ಆಮೇಲೆ.

ರಕ್ತದ ಪ್ರಮಾಣದಲ್ಲಿ ನಮ್ಮವರು ಬಹಳ ಜುಗ್ಗತನ ಮಾಡುತ್ತಾರೆ. ವಯಸ್ಕರ ಬಾಟಲಿಗೆ 8ರಿಂದ 10 ಮಿಲಿ ಬೇಕು. ಸೋಂಕಿರುವ ವಯಸ್ಕನ ರಕ್ತದಲ್ಲಿ ಅನೇಕ ವೇಳೆ ಒಂದು ಮಿಲಿಗೆ ಹತ್ತಕ್ಕಿಂತ ಕಡಿಮೆ, ಕೆಲವೊಮ್ಮೆ ಒಂದಕ್ಕಿಂತಲೂ ಕಡಿಮೆ ಬ್ಯಾಕ್ಟೀರಿಯಾ ಇರುತ್ತವೆ. 3 ಮಿಲಿ ತೆಗೆದರೆ ಸಿರಿಂಜಿಗೆ ಒಂದೂ ಬಾರದೇ ಹೋಗಬಹುದು, ವರದಿ 'ಬೆಳವಣಿಗೆ ಇಲ್ಲ' ಎಂದಾಗುತ್ತದೆ. "ಇಷ್ಟೊಂದು ರಕ್ತ ತೆಗೀತೀರಾ?" ಎಂದು ಮನೆಯವರು ಗದರಿದಾಗ ಈ ಲೆಕ್ಕವನ್ನೇ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ಹಾಗೆಂದು 10 ಮಿಲಿ ದಾಟಿಸಬೇಡಿ. ಬಾಟಲಿಯ ನಿರ್ವಾತ ತಾನಾಗಿಯೇ ಎಳೆದುಕೊಳ್ಳುತ್ತಾ ಹೋಗುತ್ತದೆ. ಹೆಚ್ಚಾದರೆ ರಕ್ತದ ಬಿಳಿ ಕಣಗಳೇ ಇಂಗಾಲದ ಡೈಆಕ್ಸೈಡ್ ಬಿಟ್ಟು ಯಂತ್ರದಿಂದ ಸುಳ್ಳು ಸೂಚನೆ ಕೊಡಿಸಬಹುದು. ಲೇಬಲ್ ಪಕ್ಕದ ಅಳತೆ ಗೆರೆಯನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮಕ್ಕಳ ಬಾಟಲಿಗೆ ಸಾಮಾನ್ಯವಾಗಿ 1ರಿಂದ 3 ಮಿಲಿ, ಮಗುವಿನ ತೂಕ ನೋಡಿಕೊಂಡು. ಬಟರ್‌ಫ್ಲೈ ಸೆಟ್ಟಿನಲ್ಲಿ ತೆಗೆದರೆ ಟ್ಯೂಬಿನ ಗಾಳಿ ಮೊದಲು ಏರೋಬಿಕ್ ಬಾಟಲಿಗೆ ಹೋಗಲಿ. ಸಿರಿಂಜಿನಲ್ಲಿ ತೆಗೆದರೆ ಅನೇರೋಬಿಕ್ ಮೊದಲು. ರಕ್ತ ಕಡಿಮೆ ಸಿಕ್ಕಿದರೆ ಪೂರ್ತಿ ಏರೋಬಿಕ್‌ಗೇ ಹಾಕಿ.

ಕಲ್ಚರ್ ಆಂಟಿಬಯೋಟಿಕ್ಕಿಗಿಂತ ಮೊದಲು. ಆದರೆ ಸೆಪ್ಸಿಸ್ ಶಂಕೆಯಿರುವ ರೋಗಿಗೆ ನರ ಹುಡುಕುತ್ತಾ ಔಷಧ ತಡ ಮಾಡುವಂತಿಲ್ಲ. ಎರಡು ಸೆಟ್ ನಡುವೆ ಅರ್ಧ ಗಂಟೆ ಕಾಯಬೇಕಿಲ್ಲ, ಜ್ವರ ಏರಲಿ ಎಂದೂ ಕಾಯಬೇಕಿಲ್ಲ. ಒಂದಾದ ಮೇಲೊಂದು ತೆಗೆದು ಔಷಧ ಹಾಕಿ. ಮೊದಲ ಡೋಸ್ ಆಗಿಹೋಗಿದ್ದರೆ ಔಷಧದ ಹೆಸರು, ಗಂಟೆ ಫಾರಂನಲ್ಲಿ ಬರೆಯಿರಿ.

ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಬೇಡಿ. ಅದು ಕೊಠಡಿಯ ತಾಪದಲ್ಲಿ, ಎರಡು ಗಂಟೆಯೊಳಗೆ ಲ್ಯಾಬಿಗೆ ಬರಬೇಕು. ಗೊಂದಲ ಹುಟ್ಟುವುದು ಮೂತ್ರದಿಂದ, ಏಕೆಂದರೆ ಅಲ್ಲಿ ನಿಯಮ ತಿರುಗುಮುರುಗು. ಮೂತ್ರದಲ್ಲಿ ಇ. ಕೋಲೈ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಾವಿರದಷ್ಟಿದ್ದದ್ದು ಎರಡು ಗಂಟೆಯಲ್ಲಿ ಅರವತ್ತು ಸಾವಿರ ದಾಟಬಹುದು, ಆಗ ಕಲ್ಮಷವೂ ಸೋಂಕಿನ ಎಣಿಕೆಯ ಹತ್ತಿರ ಬಂದು ನಿಲ್ಲುತ್ತದೆ. ಆದ್ದರಿಂದ ತಡವಾಗುವುದಾದರೆ ಮೂತ್ರ ಫ್ರಿಜ್ಜಿಗೆ, ರಕ್ತದ ಬಾಟಲಿ ಹೊರಗೆ. ರಕ್ತದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಗ್ರಾಂ ಪಾಸಿಟಿವ್. ಮೂತ್ರದಲ್ಲಿ ಗ್ರಾಂ ನೆಗೆಟಿವ್‌ಗಳೂ ಹಾಗೆಯೇ ದಾರಿ ತಪ್ಪಿಸುತ್ತವೆ. ಯೂರೋಬ್ಯಾಗಿನಿಂದ ಬಗ್ಗಿಸಿ ಕಳಿಸಿದ ಮೂತ್ರಕ್ಕಂತೂ ನಾವು ಯಾವ ಅರ್ಥವನ್ನೂ ಕೊಡಲಾರೆವು. ಕ್ಯಾಥೆಟರಿನ ಸ್ಯಾಂಪ್ಲಿಂಗ್ ಪೋರ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಸಿರಿಂಜಿನಲ್ಲಿ ತೆಗೆದೇ ಕಳಿಸಿ.

ಲ್ಯಾಬಿನಿಂದ ಫೋನ್ ಬಂದಾಗ ಕೇಳಿದ್ದನ್ನು ಬರೆದುಕೊಂಡು ಒಮ್ಮೆ ತಿರುಗಿ ಓದಿ ಹೇಳಿ: ರೋಗಿಯ ಹೆಸರು, ಐಪಿ ಸಂಖ್ಯೆ, ಯಾವ ಬಾಟಲಿ, ಕಾಕೈಯೋ ಬ್ಯಾಸಿಲೈಯೋ, ಪಾಸಿಟಿವೋ ನೆಗೆಟಿವೋ. "ಕಾಕೈ ಪಾಸಿಟಿವ್ ಅಂದ್ರು" ಎಂದಷ್ಟೇ ಡಾಕ್ಟರಿಗೆ ಮುಟ್ಟಿಸಿದರೆ ಸಾಲದು. ಕಳಿಸಿದ ಬಾಟಲಿಗಳ ಪೈಕಿ ಎಷ್ಟರಲ್ಲಿ ಬೆಳೆದಿದೆ, ರಕ್ತ ಎಲ್ಲಿಂದ ತೆಗೆದದ್ದು ಎಂಬುದನ್ನೂ ಸೇರಿಸಿ ಹೇಳಿ. ಒಂದೇ ಬಾಟಲಿ ಹೋಗಿದ್ದರೆ, ಹೊಸ ಆಂಟಿಬಯೋಟಿಕ್ ಏರಿಸುವ ಮುನ್ನ ಕೈಯಿಂದ ಇನ್ನೊಂದು ಸೆಟ್ ತೆಗೆಯಲೇ ಎಂದು ಡಾಕ್ಟರನ್ನು ಅಲ್ಲೇ ಕೇಳಿ.