ನಾಲ್ಕು ಕಿತ್ತಳೆ ಒಂದು ಲೋಟದೊಳಗೆ ಹೋದಾಗ

ಕುಶಾಲನಗರಕ್ಕೆ ಹೋದಾಗಲೆಲ್ಲ ನಮ್ಮ ಚಿಕ್ಕಮ್ಮ ಕಬ್ಬಿನ ಹಾಲಿನ ಗಾಡಿ ಮುಂದೆ ನಿಲ್ಲುತ್ತಾರೆ. ಶುಗರ್ ಬಂದ ಮೇಲೆ ಕಾಫಿಗೆ ಸಕ್ಕರೆ ಬಿಟ್ಟವರು ಅವರು. "ಇದಕ್ಕೆ ಸಕ್ಕರೆ ಎಲ್ಲಿ ಹಾಕ್ತಾರೆ? ಶುಂಠಿ, ನಿಂಬೆ ಅಷ್ಟೇ ಅಲ್ವಾ" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಸಕ್ಕರೆ ಕಾರ್ಖಾನೆಗೆ ಹೋಗುವುದೂ ಇದೇ ಹಾಲು. 200 ಮಿಲಿ ಲೋಟದಲ್ಲಿ ಸುಮಾರು 25ರಿಂದ 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ. ಕ್ಯಾಲೊರಿ 100ರಿಂದ 120. ನಾರು ಇಲ್ಲವೇ ಇಲ್ಲ ಅನ್ನಬಹುದು, ಅದೆಲ್ಲ ಗಾಣದ ಆಚೆ ಸಿಪ್ಪೆಯ ರಾಶಿಯಲ್ಲಿ ಬಿದ್ದಿರುತ್ತದೆ.

ಹಾಗಾದರೆ ಹಣ್ಣಿನ ಜ್ಯೂಸ್ ವಾಸಿಯಾ? ಮನೆಯಲ್ಲೇ ತೂಗಿ ನೋಡಿದೆ. ಕಾಫಿ ತೋಟದ ನೆರಳಿನಲ್ಲಿ ಬೆಳೆದ ನಮ್ಮ ಕೊಡಗಿನ ಕಿತ್ತಳೆ, ಸಿಪ್ಪೆ ಸಡಿಲ, ಸುಲಿದರೆ ಒಂದೊಂದರಲ್ಲಿ ಸುಮಾರು 90 ಗ್ರಾಂ ತೊಳೆ ಸಿಕ್ಕಿತು. ನಾಲ್ಕು ಹಣ್ಣು ಹಿಂಡಿ ಸೋಸಿದಾಗ ಸುಮಾರು 200 ಮಿಲಿ ರಸ ಬಂತು. ಈ ಜಾತಿಯ ಕಿತ್ತಳೆಗೆ ಸಾಮಾನ್ಯವಾಗಿ ಕೊಡುವ ಅಂಕಿ ಹಿಡಿದರೆ ಆ ಲೋಟದಲ್ಲಿ ಸಕ್ಕರೆ ಸುಮಾರು 20 ಗ್ರಾಂ, ಕ್ಯಾಲೊರಿ 85ರ ಆಸುಪಾಸು, ನಾರು ಅರ್ಧ ಗ್ರಾಂ ಕೂಡ ಇಲ್ಲ. ಹಿಂಡದೆ ಎರಡೇ ಹಣ್ಣು ತಿಂದರೆ? ಸಕ್ಕರೆ 19 ಗ್ರಾಂ, ಕ್ಯಾಲೊರಿ ಸುಮಾರು 95, ನಾರು 3 ಗ್ರಾಂ.

ಸರಿಯಾಗಿ ನೋಡಿ, ಎರಡು ಹಣ್ಣಿನಲ್ಲೂ ಒಂದು ಲೋಟದಲ್ಲೂ ಸಕ್ಕರೆ ಹೆಚ್ಚುಕಮ್ಮಿ ಒಂದೇ. ಹಣ್ಣಿನಲ್ಲಿ ಸಕ್ಕರೆ ಕಡಿಮೆ ಅನ್ನುವುದು ತಪ್ಪು ಲೆಕ್ಕ. ವ್ಯತ್ಯಾಸ ಇರುವುದು ಆ ಸಕ್ಕರೆ ಒಳಗೆ ಇಳಿಯಲು ತೆಗೆದುಕೊಳ್ಳುವ ಸಮಯದಲ್ಲಿ, ಮತ್ತು ಎಲ್ಲಿಗೆ ಸಾಕು ಅನ್ನಿಸುತ್ತದೆ ಅನ್ನುವುದರಲ್ಲಿ.

ಒಂದು ತೊಳೆಯನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ತೆಳು ಪೊರೆ, ಅದರೊಳಗೆ ಸಣ್ಣ ಸಣ್ಣ ರಸದ ಚೀಲಗಳು ಒತ್ತಾಗಿ ಕೂತಿವೆ. ಪ್ರತಿ ಚೀಲವನ್ನೂ ಹಲ್ಲು ಒಡೆಯಬೇಕು, ಉಳಿದದ್ದನ್ನು ಹೊಟ್ಟೆ ಬಿಡಿಸಬೇಕು. ಪೊರೆಯಲ್ಲೂ ಬಿಳಿ ನಾರಿನಲ್ಲೂ ಇರುವ ಪೆಕ್ಟಿನ್ ಎಂಬ ಕರಗುವ ನಾರಿನಂಶ ನೀರು ಹೀರಿ ಲೋಳೆಯಾಗುತ್ತದೆ, ಹೊಟ್ಟೆಯಿಂದ ಕರುಳಿಗೆ ಹೋಗುವ ವೇಗ ಇಳಿಯುತ್ತದೆ. ಆಷಾಢದ ಮಳೆ ಕಾಡಿನ ಇಳಿಜಾರಿನಲ್ಲಿ ಬಿದ್ದರೆ ತರಗೆಲೆ ಹೀರಿಕೊಂಡು ತೊರೆಗೆ ನಿಧಾನ ಬಿಡುತ್ತದೆ. ಅದೇ ಮಳೆ ತಗಡಿನ ಮಾಡಿನ ಮೇಲೆ ಬಿದ್ದರೆ ಕ್ಷಣದಲ್ಲಿ ಅಂಗಳ ತುಂಬುತ್ತದೆ. ಮಳೆ ಎರಡೂ ಕಡೆ ಒಂದೇ. ಜ್ಯೂಸ್ ತಗಡಿನ ಮಾಡು.

1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಪ್ರಯೋಗವೊಂದು ನನಗೆ ಬಹಳ ಇಷ್ಟ. ಹತ್ತು ಜನರಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡೀ ಹಣ್ಣು, ನುಣ್ಣಗೆ ಅರೆದದ್ದು, ನಾರು ತೆಗೆದ ರಸ. ಮೂರರಲ್ಲೂ ಸಕ್ಕರೆ-ಪಿಷ್ಟದ ಅಂಶ 60 ಗ್ರಾಂ. ಹಣ್ಣು ತಿನ್ನುವುದಕ್ಕಿಂತ ರಸವನ್ನು ಹನ್ನೊಂದು ಪಟ್ಟು ಬೇಗ ಕುಡಿದು ಮುಗಿಸಬಹುದಾಗಿತ್ತು. ರಕ್ತದ ಸಕ್ಕರೆ ಮೂರರಲ್ಲೂ ಒಂದೇ ಮಟ್ಟಕ್ಕೆ ಏರಿತು. ಆದರೆ ರಸ ಕುಡಿದಾಗ ಇನ್ಸುಲಿನ್ ಜಾಸ್ತಿ ಸುರಿಯಿತು, ಆಮೇಲೆ ಸಕ್ಕರೆ ಧಡಕ್ಕನೆ ಕೆಳಗಿಳಿಯಿತು. ಹೊಟ್ಟೆ ತುಂಬಿದ ಭಾವ ಹಣ್ಣಿಗೆ ಹೆಚ್ಚು, ರಸಕ್ಕೆ ಕಡಿಮೆ. ಅರೆದ ಸೇಬು ಮಧ್ಯದಲ್ಲಿ ನಿಂತಿತು, ಅದರಲ್ಲಿ ನಾರು ಪೂರ್ತಿ ಇದ್ದರೂ! ಅಂದರೆ ನಾರು ಇದ್ದರಷ್ಟೇ ಸಾಲದು, ಅದು ಒಡೆಯದೆ ಇರುವುದೂ ಮುಖ್ಯ. ಜ್ಯೂಸ್ ಕುಡಿದು ಮೇಲೆ ನಾರಿನ ಪುಡಿ ತಿಂದರೆ ಲೆಕ್ಕ ಸರಿಹೋಗುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

ಕಬ್ಬಿನ ಕಥೆ ಸ್ವಲ್ಪ ಬೇರೆ. ಅದು ಹಣ್ಣೇ ಅಲ್ಲ, ಒಂದು ಜಾತಿಯ ಹುಲ್ಲಿನ ಕಾಂಡ. ಅಲೆಕ್ಸಾಂಡರನ ನೌಕಾಧಿಕಾರಿ ನಿಯರ್ಕಸ್ ಇಂಡಿಯಾದಲ್ಲಿ ಜೇನುಹುಳವಿಲ್ಲದೆ ಜೇನು ಕೊಡುವ ಜೊಂಡು ಇದೆ ಎಂದು ಬರೆದಿದ್ದ, ಜೇನಿಗೆ ಹೆಸರಾದ ಕೊಡಗಿನವರಿಗೆ ಈ ಹೋಲಿಕೆ ಥಟ್ಟನೆ ಹಿಡಿಸುತ್ತದೆ. ಕಬ್ಬನ್ನು ಜಗಿದು ತಿಂದರೂ ನಾರನ್ನು ಉಗಿದುಬಿಡುತ್ತೇವೆ, ಹಾಗಾಗಿ ಇಲ್ಲಿ ತಡೆ ಹಾಕುವುದು ನಾರಲ್ಲ, ನಮ್ಮ ದವಡೆ. 200 ಮಿಲಿ ಹಾಲಿಗೆ ಸುಮಾರು ಅರ್ಧ ಕೆಜಿ ಕಬ್ಬು ಗಾಣಕ್ಕೆ ಹೋಗಬೇಕು. ಅಷ್ಟನ್ನು ಸಿಗಿದು, ಜಗಿದು, ಉಗಿಯುವ ಹೊತ್ತಿಗೆ ದವಡೆ ನೋಯುತ್ತದೆ, ಅರ್ಧಕ್ಕೇ ಕೈಬಿಡುತ್ತೀರಿ. ಲೋಟವಾದರೆ ಎರಡು ನಿಮಿಷ.

ಆದರೆ ಇದೇ ವೇಗ ಬೇಕಾಗುವ ಹೊತ್ತೂ ಬರುತ್ತದೆ. ಹೋದ ವರ್ಷ ಇನ್ಸುಲಿನ್ ತೆಗೆದುಕೊಂಡು ಊಟ ತಡವಾಗಿ ಚಿಕ್ಕಮ್ಮನಿಗೆ ಮೈ ಬೆವರಿ ಕೈ ನಡುಗಿತು, ಮೀಟರಿನಲ್ಲಿ 62 ಬಂತು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆ ಬೇಗ ಒಳಗೆ ಹೋಗಬೇಕು. ಆಗ ಕಿತ್ತಳೆ ಸುಲಿಯುತ್ತಾ ಕೂರಲಿಲ್ಲ, ಸುಮಾರು 150 ಮಿಲಿ ಜ್ಯೂಸ್ ಕುಡಿಸಿದೆವು. 15 ನಿಮಿಷ ಬಿಟ್ಟು ಮತ್ತೆ ನೋಡಿದರೆ 94. ಆಮೇಲೆ ಊಟ ಬಡಿಸಿದೆವು.