ಬಟ್ಟೆಯ ಮೇಲೆ ನೀರು ಸುರಿದು ಬ್ಯಾಗು ಕೊಳ್ಳುವವರಿಗೆ

ಜೂನ್ ಎರಡನೆಯ ವಾರದ ಹೊತ್ತಿಗೆ ಕಾರವಾರದ ನನ್ನ ಅಂಗಡಿಯಲ್ಲಿ ಕೊಡೆಗಳ ಪಕ್ಕದಲ್ಲಿ ಬೆನ್ನುಚೀಲಗಳೂ ತೂಗತೊಡಗುತ್ತವೆ. ಕೊಡೆ ತಂದವರು ಕಡ್ಡಿ ಮುರಿದಿದೆ ಎಂದು ಹೇಳಿ ಸುಮ್ಮನಾಗುತ್ತಾರೆ. ಬ್ಯಾಗು ತಂದವರು ಮಾತ್ರ ವಾದಕ್ಕೆ ನಿಲ್ಲುತ್ತಾರೆ. ಮೇಜಿನ ಮೇಲಿರುವ ನನ್ನ ಕುಡಿಯುವ ನೀರಿನ ಬಾಟಲಿಯನ್ನೇ ಎತ್ತಿ ಬ್ಯಾಗಿನ ಮೇಲೆ ಸುರಿದು, "ನೋಡಿ, ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ. ಹಾಗಿದ್ದರೆ ಒಳಗೆ ಹೇಗೆ ಒದ್ದೆಯಾಯಿತು?" ಎಂದು ನನ್ನನ್ನೇ ಕೇಳುತ್ತಾರೆ. ಕೊಳ್ಳುವಾಗಲೂ ಅವರು ಮಾಡಿದ ಪರೀಕ್ಷೆ ಇದೊಂದೇ.

ಬಟ್ಟೆ ಸೋರುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಈಗಿನ ಸಾಧಾರಣ ಬೆಲೆಯ ಪಾಲಿಯೆಸ್ಟರ್ ಬ್ಯಾಗುಗಳಿಗೂ ಒಳಮೈಗೆ ತೆಳುವಾದ ಪಾಲಿಯುರೆಥೇನ್ ಲೇಪ ಇರುತ್ತದೆ. ಆದರೆ ಬ್ಯಾಗೆಂದರೆ ಬರೀ ಬಟ್ಟೆಯಲ್ಲ, ಸೂಜಿಯಿಂದ ಚುಚ್ಚಿ ಜೋಡಿಸಿದ ಬಟ್ಟೆ. ಎರಡು ವರ್ಷದ ಹಿಂದೆ ನಡೆದ ಒಂದು ಪ್ರಕರಣ ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ.

ಸದಾಶಿವಗಡದ ಕಡೆಯಿಂದ ಸ್ಕೂಟರಿನಲ್ಲಿ ಕಾಳಿ ಸೇತುವೆ ದಾಟಿ ದಿನವೂ ಕಾರವಾರಕ್ಕೆ ಬರುವ ಅಕ್ಕೋರೊಬ್ಬರು ಹೊಸ ಬ್ಯಾಗು ತಂದರು. ಒಳಗಿದ್ದ ಮಕ್ಕಳ ಉತ್ತರ ಪತ್ರಿಕೆಗಳ ಶಾಯಿ ಹರಡಿ ಹೋಗಿತ್ತು. ಅವರೂ ಬಾಟಲಿ ಎತ್ತಿದರು. ನಾನು ಮಾತನಾಡದೆ ಬ್ಯಾಗಿಗೆ ಹಳೆಯ ದಿನಪತ್ರಿಕೆಗಳನ್ನು ಬಿಗಿಯಾಗಿ ತುಂಬಿ, ಜಿಪ್ ಹಾಕಿ, ಕೊಡೆ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸಿ, ತಂಬಿಗೆಯಿಂದ ಹತ್ತು ನಿಮಿಷ ನೀರು ಸುರಿದೆ. ಮುಂಭಾಗಕ್ಕೆ ಮಾತ್ರವಲ್ಲ, ಬೆನ್ನಿಗೆ ತಾಗುವ ಭಾಗಕ್ಕೂ ಸುರಿದೆ. ಮಳೆಗಾಲದ ಬ್ಯಾಗಿಗೆ ನನಗೆ ಗೊತ್ತಿರುವ ನಂಬಿಗಸ್ತ ಪರೀಕ್ಷೆ ಇದು. ಕೊಂಡ ಮೇಲೆ ಮನೆಯ ಬಚ್ಚಲಿನಲ್ಲಿ ಯಾರು ಬೇಕಾದರೂ ಮಾಡಬಹುದು. ಪತ್ರಿಕೆ ತೆಗೆಯುವಾಗ ಯಾವ ಹಾಳೆ ಎಲ್ಲಿ ಒದ್ದೆಯಾಗಿದೆ ಎಂದು ನೋಡಿದರೆ ಸೋರುವ ಜಾಗ ತಾನಾಗಿ ಗೊತ್ತಾಗುತ್ತದೆ.

ಅಕ್ಕೋರ ಬ್ಯಾಗಿನಲ್ಲಿ ನಡುವಿನ ಹಾಳೆಗಳು ಒಣಗಿಯೇ ಇದ್ದವು. ಜಿಪ್ಪಿನ ಎರಡು ತುದಿಗಳ ಕೆಳಗೆ ಅಂಗೈಯಗಲ ಒದ್ದೆಯಾಗಿತ್ತು. ಹೆಗಲ ಪಟ್ಟಿಗಳು ಬ್ಯಾಗಿಗೆ ಸೇರುವಲ್ಲಿ ಅದಕ್ಕಿಂತ ಹೆಚ್ಚು ಒದ್ದೆ. ತಳದ ಹಾಳೆಗಳನ್ನಂತೂ ಹಿಂಡಬಹುದಿತ್ತು.

ಮೊದಲು ಪಟ್ಟಿಯ ಬುಡ. ಅಲ್ಲಿ ಭಾರ ಬೀಳುವುದರಿಂದ ಸಾಲು ಸಾಲಾಗಿ ಹೊಲಿಯುತ್ತಾರೆ, ಹೊಲಿಯಲೇಬೇಕು. ಆ ಬ್ಯಾಗಿನಲ್ಲಿ 30 ಸೆಂಟಿಮೀಟರ್ ಉದ್ದದ ಮೂರು ಸಾಲುಗಳಿದ್ದವು, ಸೆಂಟಿಮೀಟರಿಗೆ ಮೂರು ಹೊಲಿಗೆ. ಅಂದರೆ ಆ ಒಂದು ಅಂಚಿನಲ್ಲೇ ಸುಮಾರು 270 ತೂತುಗಳು. ಪ್ರತಿ ತೂತಿನಲ್ಲೂ ದಾರವಿದೆ, ದಾರ ದೀಪದ ಬತ್ತಿಯಂತೆ ನೀರನ್ನು ಒಳಕ್ಕೆ ಎಳೆಯುತ್ತದೆ. ಸ್ಕೂಟರ್ ಓಡಿಸುವವರ ಕತ್ತು, ಬೆನ್ನಿನಿಂದ ಇಳಿಯುವ ನೀರೆಲ್ಲ ಬಂದು ನಿಲ್ಲುವುದೂ ಇದೇ ಅಂಚಿನಲ್ಲಿ. ಬ್ಯಾಗಿನ ಜೊತೆ ಕೊಡುವ ಮಳೆಹೊದಿಕೆ ಮುಂಭಾಗವನ್ನು ಮುಚ್ಚುತ್ತದೆ, ಈ ಅಂಚನ್ನು ಮುಚ್ಚುವುದಿಲ್ಲ.

ಹಾಗೆಂದು ಹೊಲಿಗೆ ಕಡಿಮೆಯಿರುವ ಬ್ಯಾಗು ಹುಡುಕಬೇಡಿ. ಪಟ್ಟಿಯನ್ನು ಹಿಡಿದು ಜಗ್ಗಿದಾಗ ಹೊಲಿಗೆಯ ತೂತುಗಳು ಬಾಯಿ ತೆರೆಯಬಾರದು, ಅಷ್ಟೇ. ತೆರೆದರೆ ಭಾರ ಹೊರುವ ಮೊದಲೇ ಬಟ್ಟೆ ಸೋತಿದೆ ಎಂದರ್ಥ. ಒಳಗೆ ಕೈ ಹಾಕಿ ಅಂಚನ್ನು ಮುಟ್ಟಿ ನೋಡಿ. ಕತ್ತರಿಸಿದ ಬಟ್ಟೆಯ ಅಂಚಿಗೆ ಬೇರೊಂದು ಬಟ್ಟೆಯ ತುಂಡು ಮಡಚಿ ಹೊಲಿದಿದ್ದರೆ ಒಳ್ಳೆಯದು, ನೂಲು ಬಿಚ್ಚಿ ಕೈಗೆ ಬಂದರೆ ಬೇಡ. ಹೊಲಿಗೆ ಒತ್ತೊತ್ತಾಗಿದ್ದಷ್ಟೂ ಗಟ್ಟಿ ಎಂಬುದೂ ಪೂರ್ತಿ ನಿಜವಲ್ಲ. ತೀರಾ ಒತ್ತಾದರೆ ಲೇಪದ ಬಟ್ಟೆ ಅಂಚೆಚೀಟಿಯ ಹಾಳೆಯಂತೆ ತೂತಿನ ಗುಂಟ ಹರಿಯುತ್ತದೆ.

ಜಿಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಮುಖ್ಯ ಅರೆಗೆ 8 ಅಥವಾ 10ನೇ ನಂಬರಿನ ಜಿಪ್ ಇರಲಿ. ನಂಬರು ಸಾಮಾನ್ಯವಾಗಿ ರನ್ನರಿನ ಹಿಂಬದಿಯಲ್ಲಿ ಇರುತ್ತದೆ. ಬ್ಯಾಗು ತುಂಬಿಸಿ, ಮೂಲೆಯ ತಿರುವಿನಲ್ಲಿ ಹತ್ತು ಸಲ ಎಳೆದು ನೋಡಿ, ಖಾಲಿ ಬ್ಯಾಗಿನಲ್ಲಿ ಎಲ್ಲ ಜಿಪ್ಪೂ ಸಲೀಸಾಗಿಯೇ ಓಡುತ್ತದೆ. ಮೇಲೆ ಮುಚ್ಚುವ ಮಡಿಕೆ ಇದೆಯೇ ನೋಡಿ. ರಬ್ಬರಿನಂಥ ಲೇಪದ ಜಿಪ್ ಕೂಡ ತುದಿಗಳಲ್ಲಿ, ರನ್ನರ್ ನಿಲ್ಲುವ ಸಂದಿನಲ್ಲಿ ನೀರು ಬಿಡುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಮೊದಲು ಕೆಡುವುದು ಹಲ್ಲಲ್ಲ, ರನ್ನರು. ಬಿಳಿ ಹುಡಿ ಕಂಡರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಅದು ಮರಳು ಹಿಡಿಯುತ್ತದೆ. ಜಿಪ್ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಹೆಚ್ಚಿನ ಸಲ ರನ್ನರ್ ಒಂದನ್ನೇ ಬದಲಿಸಿದರೆ ಸಾಕು. ಇಡೀ ಜಿಪ್ ಬದಲಿಸಿ ಎಂದು ಹಟ ಹಿಡಿಯುವವರಿಗೆ ನಾನು ಎರಡು ಸಲ ಹೇಳುತ್ತೇನೆ, ಮೂರನೆಯ ಸಲ ಬದಲಿಸಿ ಕೊಡುತ್ತೇನೆ.

ಇನ್ನು ತಳ. ಅಕ್ಕೋರಿಗೆ ಅರ್ಥವಾಗದೆ ಹೋದದ್ದು ಇದೇ. "ತಳದಲ್ಲಿ ಹೊಲಿಗೆ ಬಿಟ್ಟಿಲ್ಲ, ರಸ್ತೆಯ ನೀರೂ ಅಷ್ಟು ಸಿಡಿಯುವುದಿಲ್ಲ, ಅಲ್ಲಿ ಹೇಗೆ ಬಂತು?" ಎಂದರು. ಮೇಲಿನಿಂದ ಬಂತು. ಪಟ್ಟಿಯ ಬುಡದಲ್ಲಿ ನುಗ್ಗಿದ ನೀರು ಅಸ್ತರಿನ ಹಿಂದೆ ಸದ್ದಿಲ್ಲದೆ ಇಳಿದು ತಳದಲ್ಲಿ ನಿಂತಿತ್ತು. ಹೊರಗಿನ ನೀರನ್ನು ತಡೆಯುವ ಲೇಪ ಒಳಗಿನ ನೀರನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತದೆ. ಬಟ್ಟೆ ಒಳ್ಳೆಯದಾದಷ್ಟೂ ಬ್ಯಾಗು ಕೊಡಪಾನವಾಗುತ್ತದೆ.

ಆದ್ದರಿಂದ ಲ್ಯಾಪ್‌ಟಾಪ್ ಅರೆ ತಳಕ್ಕೆ ತಾಗುತ್ತದೆಯೇ ಎಂದು ಕೈ ಇಳಿಸಿ ನೋಡಿ. ಎರಡು ಬೆರಳಷ್ಟಾದರೂ ಮೇಲೆ ತೂಗುತ್ತಿರಬೇಕು. ಬ್ಯಾಗನ್ನು ನೆಲಕ್ಕೆ ಕುಕ್ಕಿದಾಗ ಪೆಟ್ಟು ತಾಗದಿರಲಿ ಎಂದು ಹಾಗೆ ಮಾಡುತ್ತಾರೆ, ನಮ್ಮೂರಿನಲ್ಲಿ ಅದು ನಿಂತ ನೀರಿನಿಂದಲೂ ಕಾಪಾಡುತ್ತದೆ. ಬೆನ್ನಿನ ಮೆತ್ತೆಯನ್ನು ಎರಡು ಬೆರಳ ನಡುವೆ ಹಿಸುಕಿ. ಪೂರ್ತಿ ಅಪ್ಪಚ್ಚಿಯಾದರೆ ಅದು ಸಾದಾ ಸ್ಪಂಜು, ನೀರು ಕುಡಿಯುತ್ತದೆ. ಆಷಾಢದಲ್ಲಿ ಒಮ್ಮೆ ಕುಡಿದರೆ ವಾರವಾದರೂ ಆರುವುದಿಲ್ಲ, ಆಮೇಲೆ ಮುಗ್ಗಲು ವಾಸನೆ. ಸ್ವಲ್ಪ ತಗ್ಗಿ ಎದುರು ಒತ್ತುವ ಗಟ್ಟಿ ಫೋಮ್ ಬೇಕು. ಅಂಗಡಿಯಲ್ಲಿ ಮೆತ್ತಗಿರುವುದೇ ಸುಖವೆನಿಸುತ್ತದೆ, ಅದಕ್ಕೇ ಅದು ಹೆಚ್ಚು ಮಾರಾಟವಾಗುತ್ತದೆ.

ಅಕ್ಕೋರ ಬ್ಯಾಗಿಗೆ ನಾನು ಮಾಡಿದ್ದು ಇಷ್ಟು. ಅಸ್ತರು ಬಿಚ್ಚಿ, ಒಳಗಿನಿಂದ ಪಟ್ಟಿಯ ಬುಡದ ಹೊಲಿಗೆಯ ಮೇಲೆ ಸೀಲರನ್ನು ಬ್ರಶ್ಶಿನಿಂದ ಎರಡು ಕೈ ಬಳಿದು ಒಂದು ದಿನ ಒಣಗಲು ಬಿಟ್ಟೆ. ಜಿಪ್ಪಿನ ಮೇಲೆ ಮೂರು ಸೆಂಟಿಮೀಟರ್ ಅಗಲದ ಮಡಿಕೆ ಹೊಲಿದೆ. ಅದರಿಂದಾದ ಹೊಸ ತೂತುಗಳಿಗೂ ಸೀಲರ್ ಬಳಿದೆ. ಹಳೆಯ ಬ್ಯಾಗಾಗಿದ್ದರೆ ಈ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ಸೆಕೆ, ತೇವಕ್ಕೆ ಲೇಪ ಅಂಟಂಟಾಗಿ ಆಮೇಲೆ ಹೊಟ್ಟಿನಂತೆ ಉದುರುತ್ತದೆ, ಉದುರುವ ಲೇಪದ ಮೇಲೆ ಯಾವುದೂ ನಿಲ್ಲುವುದಿಲ್ಲ. ಇಷ್ಟಾದರೂ ಸೋರುವುದೇ ಇಲ್ಲ ಎಂದು ಮಾತು ಕೊಡಲಿಲ್ಲ. ಉತ್ತರ ಪತ್ರಿಕೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ಇಡಿ ಎಂದೆ.

ಕೊನೆಗೆ ತಳದ ಮೂಲೆಯಲ್ಲಿ ಸಣ್ಣದೊಂದು ಐಲೆಟ್ ಹೊಡೆಯಲು ಹೋದಾಗ ಅವರು ನನ್ನ ಕೈ ಹಿಡಿದೇಬಿಟ್ಟರು. "ಸೋರುತ್ತದೆ ಎಂದು ತಂದ ಬ್ಯಾಗಿಗೆ ತೂತು ಮಾಡುತ್ತೀರಾ?" ಬಂದ ನೀರು ಹೋಗಲು ದಾರಿ ಬೇಕಲ್ಲ ಅಕ್ಕೋರೇ ಎಂದು ಒಪ್ಪಿಸಲು ಕಾಲು ಗಂಟೆ ಹಿಡಿಯಿತು. ಬೆನ್ನ ಮೇಲೆ ಹೊರುವ ಬ್ಯಾಗಿಗೆ ಮಾತ್ರ ಈ ಮಾತು. ಸ್ಕೂಟರಿನ ಕಾಲ ಬಳಿ ಇಡುವವರು ಇದನ್ನು ಮಾಡಿಸಬಾರದು, ಕೆಸರುನೀರು ಕೆಳಗಿನಿಂದಲೇ ಹತ್ತುತ್ತದೆ.

ಮರುವಾರ ಅವರ ಯಜಮಾನರು ಬಂದರು. ಹೊಸ ಬ್ಯಾಗಿಗೆ ತೂತು ಮಾಡಿದವರು ಯಾರೆಂದು ನೋಡಿಕೊಂಡು ಹೋಗಲು ಬಂದದ್ದಂತೆ. ಅವರ ಹೆಗಲಿನಲ್ಲೂ ಒಂದು ಹೊಸ ಬ್ಯಾಗಿತ್ತು. ಅದನ್ನು ಮೇಜಿನ ಮೇಲಿಟ್ಟು, "ಇದನ್ನು ನೋಡಿ, ಇದು ಬೇರೆಯೇ ಜಾತಿ" ಎನ್ನುತ್ತ ನನ್ನ ನೀರಿನ ಬಾಟಲಿಗೆ ಕೈ ಹಾಕಿದರು.